ಪ್ಲಿಂತ್ ಬೀಮ್‌ಗೆ ಸಿಮೆಂಟ್, ಕಂಬಿ, ಮರಳು: ಹಾರ್ಡ್‌ವೇರ್ ಅಂಗಡಿಗೆ ಆರ್ಡರ್ ಪತ್ರ ಬರೆಯುವುದು ಹೇಗೆ

ಮನೆ ಕಟ್ಟಿಸುವವರು ಅಂಗಡಿಗೆ ಕೊಡುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: "ಸಿಮೆಂಟ್ 50 ಮೂಟೆ, ಕಂಬಿ ಅರ್ಧ ಟನ್, ಮರಳು ಒಂದು ಲೋಡ್. ಬೇಗ ಕಳಿಸಿ." ಅಂಗಡಿಯವರು ಬೇಗ ಕಳಿಸುತ್ತಾರೆ, ಎಲ್ಲವನ್ನೂ ಒಂದೇ ದಿನ. ಸಿಮೆಂಟ್ ಎರಡು ವಾರ ಟಾರ್ಪಾಲಿನ ಕೆಳಗೆ ಗಟ್ಟಿಯಾಗುತ್ತದೆ. ರಿಂಗ್ ಮಾಡಲು 8 ಮಿ.ಮೀ. ಕಂಬಿ ಸಾಲುವುದಿಲ್ಲ. ಕಾಂಕ್ರೀಟ್‌ಗೆ ಬಂದ ಮರಳು ನೋಡಿದರೆ ಗಾರೆಯದ್ದು! ಇದರಲ್ಲಿ ಅಂಗಡಿಯವರ ತಪ್ಪು ಕಡಿಮೆ. ಪಟ್ಟಿಯಲ್ಲಿ ಏನು ಬೇಕು ಅಂತ ಅರ್ಧ ಮಾತ್ರ ಇತ್ತು, ಯಾವತ್ತು ಬೇಕು ಅಂತ ಇರಲೇ ಇಲ್ಲ.

ಕೆಳಗೆ ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಪತ್ರ ತಯಾರು ಮಾಡೋಣ. 30×40 ಸೈಟು, ಪಿಲ್ಲರ್ ಮನೆ. ಪಾಯದ ಮೇಲೆ, ಗೋಡೆ ಏಳುವ ಮೊದಲು ಪಿಲ್ಲರ್‌ಗಳನ್ನು ಜೋಡಿಸುವ ಪ್ಲಿಂತ್ ಬೀಮ್‌ಗಳ ಒಟ್ಟು ಉದ್ದ 200 ಅಡಿ. ಬೀಮ್ 9 ಇಂಚು ಅಗಲ, 12 ಇಂಚು ಎತ್ತರ. ಅದರ ಕೆಳಗೆ 3 ಇಂಚು ಬೆಡ್ ಕಾಂಕ್ರೀಟ್. ನಿಮ್ಮ ನಕ್ಷೆಯ ಅಳತೆ ಬೇರೆ ಇರುತ್ತದೆ, ಲೆಕ್ಕ ಮಾಡುವ ದಾರಿ ಇದೇ.

## ಬರೆಯುವ ಮೊದಲು ಕೈಯಲ್ಲಿ ಇರಬೇಕಾದ್ದು

ಎಂಜಿನಿಯರ್ ಕೊಟ್ಟ ಪ್ಲಿಂತ್ ಬೀಮ್ ನಕ್ಷೆ, ಕ್ಯಾಲ್ಕುಲೇಟರ್, ಒಂದು ಕ್ಯಾಲೆಂಡರ್. ಜೊತೆಗೆ ಮೇಸ್ತ್ರಿ ಮತ್ತು ಬಾರ್ ಬೆಂಡರ್ ಇಬ್ಬರ ಬಾಯಿಂದ ಬಂದ ದಿನಗಳು. ಕಂಬಿ ಕಟ್ಟಲು ಎಷ್ಟು ದಿನ, ಸೆಂಟ್ರಿಂಗ್‌ಗೆ ಎಷ್ಟು ದಿನ ಅಂತ ಅವರನ್ನೇ ಕೇಳಿ. ನೀವೇ ಊಹಿಸಿ ಬರೆದರೆ ತಾರೀಕುಗಳೆಲ್ಲ ಸುಮ್ನೆ ಕಾಗದದ ಮೇಲೆ ಉಳಿಯುತ್ತವೆ.

## ಹಂತ 1: ಕಾಂಕ್ರೀಟ್ ಹಾಕುವ ದಿನ ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ

ಹೆಚ್ಚಿನವರು ಇವತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ಅದು ತಿರುಗುಮುರುಗಾಗಬೇಕು. ಮೊದಲು ಬೀಮ್ ಕಾಂಕ್ರೀಟ್ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ನಮ್ಮ ಉದಾಹರಣೆಯಲ್ಲಿ ಅದು 2026ರ ಫೆಬ್ರವರಿ 12, ಗುರುವಾರ. ಭಾನುವಾರ 15ಕ್ಕೆ ಶಿವರಾತ್ರಿ ಇದೆ. ಹಬ್ಬಕ್ಕೆ ಆಳುಗಳು ಊರಿಗೆ ಹೊರಡುವ ಮೊದಲೇ ಕಾಂಕ್ರೀಟ್ ಮುಗಿಯಬೇಕು. ಹಬ್ಬದ ದಿನವೂ ಬೀಮ್‌ಗೆ ನೀರು ಹಾಕಬೇಕಲ್ವಾ, ಅದಕ್ಕೂ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಈಗ ಹಿಂದಕ್ಕೆ ಬನ್ನಿ. 11ಕ್ಕೆ ಎಂಜಿನಿಯರ್ ಬಂದು ಕಂಬಿ, ಸೆಂಟ್ರಿಂಗ್ ನೋಡಬೇಕು. 10ಕ್ಕೆ ಸೆಂಟ್ರಿಂಗ್. 7 ಮತ್ತು 9ಕ್ಕೆ ಬೀಮ್ ಕಂಬಿ ಕೂರಿಸುವುದು, 8 ಭಾನುವಾರ. 6ಕ್ಕೆ ಬೆಡ್ ಕಾಂಕ್ರೀಟ್. ಅದಕ್ಕೂ ಮುಂಚೆ, 3ರಿಂದ 5ರವರೆಗೆ, ಬಾರ್ ಬೆಂಡರ್ ಕಂಬಿ ಕತ್ತರಿಸಿ ರಿಂಗ್ ಬಗ್ಗಿಸುತ್ತಾನೆ. ಅಂದರೆ ಕಂಬಿ ಸೋಮವಾರ 2ರ ಹೊತ್ತಿಗೆ ಸೈಟಿನಲ್ಲಿ ಇರಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಕಂಬಿ ಮತ್ತು ಬೀಮ್ ಕಾಂಕ್ರೀಟ್‌ನ ಸಿಮೆಂಟ್ ನಡುವೆ ಒಂಬತ್ತು ದಿನ ಅಂತರ ಇದೆ. ಎರಡನ್ನೂ ಒಂದೇ ಗಾಡಿಯಲ್ಲಿ ತರಿಸಿದರೆ ಸಿಮೆಂಟ್ ಅಷ್ಟು ದಿನ ಸೈಟಿನಲ್ಲಿ ಕಾಯುತ್ತದೆ. ಪ್ಲಿಂತ್ ಹಂತದಲ್ಲಿ ಸೈಟಿನಲ್ಲಿ ಸೂರೇ ಇರುವುದಿಲ್ಲ.

## ಹಂತ 2: ನಕ್ಷೆಯಿಂದ ಪ್ರಮಾಣ ತೆಗೆಯಿರಿ

ಸಿಮೆಂಟ್. ಬೀಮ್ ಕಾಂಕ್ರೀಟ್ 200 × 0.75 × 1 = 150 ಘನ ಅಡಿ. ಎಂ20 ದರ್ಜೆಯ ಕಾಂಕ್ರೀಟ್‌ಗೆ ಸಿಮೆಂಟ್, ಮರಳು, ಜಲ್ಲಿ 1:1.5:3 ಮಿಶ್ರಣ ಹಿಡಿದರೆ ಒಂದು ಮೂಟೆಯಿಂದ ಸುಮಾರು 4.4 ಘನ ಅಡಿ ಕಾಂಕ್ರೀಟ್ ಆಗುತ್ತದೆ. 150 ಭಾಗಿಸು 4.4, ಅಂದರೆ 34 ಮೂಟೆ. ಚೆಲ್ಲಿ ಹೋಗುವುದಕ್ಕೆ ಎರಡು ಸೇರಿಸಿ 36.

ಬೆಡ್ ಕಾಂಕ್ರೀಟ್ ಒಂದು ಅಡಿ ಅಗಲ, 3 ಇಂಚು ದಪ್ಪ, ಒಟ್ಟು 50 ಘನ ಅಡಿ. 1:4:8 ಮಿಶ್ರಣದಲ್ಲಿ ಒಂದು ಮೂಟೆಗೆ ಹತ್ತು ಘನ ಅಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಐದು ಮೂಟೆ ಸಾಕು, ಕೈಯಲ್ಲಿ ಒಂದು ಇರಲಿ ಅಂತ ಆರು. ಒಟ್ಟು 42 ಮೂಟೆ.

ನಿಮ್ಮ ನಕ್ಷೆಯಲ್ಲಿ ಎಂ25 ಅಂತಲೋ ಡಿಸೈನ್ ಮಿಕ್ಸ್ ಅಂತಲೋ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎಷ್ಟು ಮೂಟೆ ಅಂತ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

ಮರಳು. ಒಂದು ಮೂಟೆ ಸಿಮೆಂಟ್ ಅಂದರೆ ಸುಮಾರು 1.25 ಘನ ಅಡಿ. ಬೀಮ್ ಮಿಶ್ರಣದಲ್ಲಿ ಮರಳು ಅದರ ಒಂದೂವರೆ ಪಟ್ಟು. ಹಾಗಾಗಿ 34 ಮೂಟೆಗೆ ಸುಮಾರು 63 ಘನ ಅಡಿ. ಬೆಡ್‌ಗೆ ನಾಲ್ಕು ಪಟ್ಟು, ಐದು ಮೂಟೆಗೆ 25. ಎರಡೂ ಸೇರಿ 88. ನೆಲಕ್ಕೆ ಅಂಟಿ ಹೋಗುವುದು, ಒದ್ದೆ ಮರಳು ಉಬ್ಬಿ ಅಳತೆಯಲ್ಲಿ ಜಾಸ್ತಿ ಕಾಣುವುದು, ಇವೆರಡಕ್ಕೂ ಸೇರಿಸಿ 100 ಘನ ಅಡಿ ಬರೆಯಿರಿ.

ಉದ್ದ ಕಂಬಿ, 12 ಮಿ.ಮೀ. ನಮ್ಮ ಬೀಮ್‌ನಲ್ಲಿ ಮೇಲೆ ಎರಡು, ಕೆಳಗೆ ಎರಡು. ನಾಲ್ಕು ಸಾಲು × 200 = 800 ಅಡಿ. ಕಂಬಿಗೆ ಕಂಬಿ ಜೋಡಿಸುವ ಕಡೆ ಒಂದರ ಮೇಲೊಂದು ಎರಡು ಅಡಿ ಕೂರಬೇಕು (ದಪ್ಪದ 50 ಪಟ್ಟು), ತುದಿಯಲ್ಲಿ ಪಿಲ್ಲರ್ ಒಳಗೆ ಬಗ್ಗಬೇಕು. ಇದಕ್ಕೆಲ್ಲ ನೂರು ಅಡಿ ಹಿಡಿದರೆ 900 ಅಡಿ. ಒಂದು ಕಂಬಿ 12 ಮೀಟರ್, ಅಂದರೆ 39 ಅಡಿ 4 ಇಂಚು. 23 ಕಂಬಿ ಆಯಿತು. 12 ಮಿ.ಮೀ. ಕಂಬಿ ಹೆಚ್ಚಾಗಿ ಐದರ ಬಂಡಲ್‌ನಲ್ಲಿ ಬರುವುದರಿಂದ 25 ಬರೆಯಿರಿ.

ರಿಂಗ್ ಕಂಬಿ, 8 ಮಿ.ಮೀ. ಪಟ್ಟಿಯಲ್ಲಿ ತಪ್ಪುವುದು ಹೆಚ್ಚಾಗಿ ಇದೇ. ಆರು ಇಂಚಿಗೆ ಒಂದು ರಿಂಗ್ ಅಂದರೆ 200 ಅಡಿಗೆ 400, ಪ್ರತಿ ಬೀಮ್‌ನ ಕೊನೆಗೆ ಒಂದೊಂದು ಸೇರಿ ಸುಮಾರು 410. ರಿಂಗ್‌ನ ಹೊರಗೆ ಸುತ್ತಲೂ ಒಂದು ಇಂಚು ಕಾಂಕ್ರೀಟ್ ಕವರ್ ಬಿಟ್ಟು, ಕೊಕ್ಕೆ ಸೇರಿಸಿದರೆ ಒಂದು ರಿಂಗ್‌ಗೆ 3 ಅಡಿ 3 ಇಂಚು ಕಂಬಿ ಬೇಕು. ಒಂದು ಕಂಬಿಯಲ್ಲಿ 12 ರಿಂಗ್. 410ಕ್ಕೆ 35 ಕಂಬಿ, ಒಂದು ಹೆಚ್ಚಿಗೆ, 36. ಪಿಲ್ಲರ್ ಪಕ್ಕದಲ್ಲಿ ನಾಲ್ಕು ಇಂಚಿಗೊಂದು ಅಂತ ನಕ್ಷೆ ಹೇಳಿದರೆ ಆ ಭಾಗವನ್ನು ಬೇರೆಯಾಗಿ ಎಣಿಸಿ. ಅಲ್ಲಿ ರಿಂಗ್ ಒಂದೂವರೆ ಪಟ್ಟು ಆಗುತ್ತದೆ.

ತೂಕಕ್ಕೆ ಸುಲಭ ಸೂತ್ರ ಇದೆ. ದಪ್ಪವನ್ನು ಮಿ.ಮೀ. ಲೆಕ್ಕದಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ಕೆ.ಜಿ. ಸಿಗುತ್ತದೆ. 12ಕ್ಕೆ 0.888, 8ಕ್ಕೆ 0.395. ಹೀಗೆ 25 ಕಂಬಿಗೆ 267 ಕೆ.ಜಿ., 36 ಕಂಬಿಗೆ 171 ಕೆ.ಜಿ. ಜೊತೆಗೆ ಬೈಂಡಿಂಗ್ ವೈರ್ 5 ಕೆ.ಜಿ.

ಪತ್ರದಲ್ಲಿ ಕಂಬಿಯ ಸಂಖ್ಯೆ ಮತ್ತು ತೂಕ ಎರಡೂ ಇರಲಿ. ಬರೀ "440 ಕೆ.ಜಿ. ಕಂಬಿ" ಅಂತ ಬರೆದರೆ 12 ಮಿ.ಮೀ. ಜಾಸ್ತಿ ಬಂದು 8 ಮಿ.ಮೀ. ಕಡಿಮೆ ಬಂದರೂ ತೂಕ ಸರಿಯಾಗೇ ಇರುತ್ತದೆ. ಬಾರ್ ಬೆಂಡರ್ ರಿಂಗ್ ಮಾಡುತ್ತಾ ಅರ್ಧಕ್ಕೆ ನಿಂತಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಎರಡು ದಿನ ಹೋಗಿರುತ್ತದೆ.

## ಹಂತ 3: ವಸ್ತುವಿನ ಹೆಸರು ಪೂರ್ತಿ ಬರೆಯಿರಿ

ಸಿಮೆಂಟ್ ಅಂದರೆ ಯಾವುದು? ಪಿಪಿಸಿಯೋ, ಒಪಿಸಿ 43 ಅಥವಾ 53 ಗ್ರೇಡೋ ಬರೆಯಿರಿ. ಬೀಮ್ ಪೂರ್ತಿ ಒಂದೇ ಬ್ರಾಂಡ್, ಒಂದೇ ಬಗೆ ಇರಲಿ. ಪಿಪಿಸಿ ಆದರೆ ಕ್ಯೂರಿಂಗ್ ಕನಿಷ್ಠ ಹತ್ತು ದಿನ, ಒಪಿಸಿ ಆದರೆ ಏಳು ದಿನ. ಅರ್ಧ ಅದು ಅರ್ಧ ಇದು ಬಂದರೆ ಯಾವ ಬೀಮ್‌ಗೆ ಯಾವುದು ಹೋಯಿತು ಅಂತ ಯಾರಿಗೂ ನೆನಪಿರುವುದಿಲ್ಲ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಆರು ವಾರಕ್ಕಿಂತ ಹಳೆಯದು ಬೇಡ ಅಂತ ಪತ್ರದಲ್ಲೇ ಹೇಳಿ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬಾರದು, ಹಾಗಾಗಿ ಆರು ವಾರದ ಗಡಿ ಕೇಳುವುದು ಜಾಸ್ತಿಯೇನಲ್ಲ.

ಕಂಬಿಗೆ ಗ್ರೇಡ್ ಬರೆಯಲೇಬೇಕು. ನಕ್ಷೆಯಲ್ಲಿ ಎಫ್‌ಇ 500ಡಿ ಇದ್ದರೆ ಅದನ್ನೇ ಬರೆಯಿರಿ. "550 ಇದೆ, ಇನ್ನೂ ಗಟ್ಟಿ, ಅದೇ ರೇಟು" ಅಂತ ಅಂಗಡಿಯಲ್ಲಿ ಹೇಳಬಹುದು. ಎಂಜಿನಿಯರ್ ಒಪ್ಪದೆ ಬದಲಿಸಬೇಡಿ. 500ರ ಮುಂದಿನ 'ಡಿ' ಅಕ್ಷರ ಕಂಬಿ ಮುರಿಯುವ ಮೊದಲು ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಸಂಬಂಧಪಟ್ಟದ್ದು. ಗಟ್ಟಿತನದ ಸಂಖ್ಯೆ ಒಂದೇ ನೋಡಿದರೆ ಆ ಗುಣ ತಪ್ಪಿಹೋಗುತ್ತದೆ.

ಮರಳಿಗೆ "ಕಾಂಕ್ರೀಟ್ ಎಂ-ಸ್ಯಾಂಡ್" ಅಂತ ಬರೆಯಿರಿ. ಗಾರೆಗೆ ಬಳಸುವ ಪಿ-ಸ್ಯಾಂಡ್ ನುಣುಪು. ಅದು ಬೀಮ್‌ಗೆ ಹೋದರೆ ಮೇಸ್ತ್ರಿ ನೀರು ಜಾಸ್ತಿ ಹಾಕಿಯೇ ಕಲಸಬೇಕಾಗುತ್ತದೆ, ಕಾಂಕ್ರೀಟ್ ಸೊರಗುತ್ತದೆ. "ಲೋಡ್" ಅನ್ನುವ ಪದ ಪತ್ರದಲ್ಲಿ ಎಲ್ಲೂ ಬೇಡ. ಟ್ರ್ಯಾಕ್ಟರ್‌ಗೆ ಒಂದು ಲೋಡ್, ಟಿಪ್ಪರ್‌ಗೆ ಇನ್ನೊಂದು ಲೋಡ್. ಘನ ಅಡಿಯಲ್ಲಿ ಬರೆಯಿರಿ. ಅಂಗಡಿಯವರು ಟನ್ ಲೆಕ್ಕದಲ್ಲಿ ಮಾರುವವರಾದರೆ 100 ಘನ ಅಡಿಗೆ ನಾಲ್ಕೂವರೆಯಿಂದ ಐದು ಟನ್ ಅಂತ ಹಿಡಿಯಿರಿ. ಉತ್ತರ ಕರ್ನಾಟಕದ ಕಡೆ ಇದೇ 100 ಘನ ಅಡಿಗೆ ಒಂದು ಬ್ರಾಸ್ ಅನ್ನುತ್ತಾರೆ.

## ಹಂತ 4: ಯಾವುದನ್ನು ಒಡೆಯಬೇಕು, ಯಾವುದನ್ನು ಒಡೆಯಬಾರದು

ಬೇರೆ ಬೇರೆ ದಿನ ತರಿಸುವುದು ಅಂದರೆ ಮೂರನ್ನೂ ಚೂರು ಚೂರು ಮಾಡುವುದಲ್ಲ. ಪ್ರತಿ ಗಾಡಿಗೂ ಬಾಡಿಗೆ ಇದೆ.

ಕಂಬಿ ಒಂದೇ ಸಲ ಬರಲಿ. ಒಂದೇ ಕಡೆಯ ಮಾಲು ಸಿಗುತ್ತದೆ, ಬಾರ್ ಬೆಂಡರ್‌ಗೆ ತುಂಡುಗಳನ್ನು ಹೊಂದಿಸಿ ಕತ್ತರಿಸಲು ಅನುಕೂಲ. ಕೆಳಗೆ ಮರದ ತುಂಡು ಕೊಟ್ಟು ಮಣ್ಣಿನಿಂದ ಎತ್ತಿಟ್ಟರೆ ಹತ್ತು ದಿನಕ್ಕೆ ಕಂಬಿಗೆ ಏನೂ ಆಗುವುದಿಲ್ಲ.

ಮರಳೂ ಒಂದೇ ಸಲ. ಬೆಡ್‌ಗೆ 25 ಘನ ಅಡಿ ಮಾತ್ರ ಮೊದಲು ತರಿಸಿದರೆ ಆ ಬಾಡಿಗೆ ದಂಡ. ರಸ್ತೆಯಲ್ಲಿ ಜಾಗವೇ ಇಲ್ಲದಿದ್ದರೆ ಮಾತ್ರ ಎರಡು ಮಾಡಿ.

ಒಡೆಯಬೇಕಾದ್ದು ಸಿಮೆಂಟ್ ಒಂದನ್ನೇ. ಬೆಡ್‌ನ ಆರು ಮೂಟೆ ಮರಳಿನ ದಿನವೇ ಬರಲಿ, ಬೀಮ್‌ನ 36 ಮೂಟೆ ಕಾಂಕ್ರೀಟ್‌ನ ಹಿಂದಿನ ದಿನ ಬರಲಿ. ಅದೇ ದಿನ ಬೆಳಿಗ್ಗೆ ಅಂತ ಇಡಬೇಡಿ. ಗಾಡಿ ಹನ್ನೊಂದಕ್ಕೆ ಬಂದರೆ ಮಿಕ್ಸರ್ ಬಾಡಿಗೆ, ಆಳುಗಳ ಅರ್ಧ ದಿನದ ಕೂಲಿ ಎರಡೂ ಹೋಯಿತು.

ಜಲ್ಲಿಯನ್ನು ಬಹಳ ಜನ ಕ್ರಷರ್‌ನಿಂದ ನೇರ ತರಿಸುತ್ತಾರೆ, ಅದಕ್ಕೇ ಈ ಪತ್ರದಲ್ಲಿ ಸೇರಿಸಿಲ್ಲ. ಆದರೆ ಅದರ ತಾರೀಕೂ ಇದೇ ಕ್ಯಾಲೆಂಡರ್‌ನಲ್ಲಿ ಇರಲಿ: ಬೆಡ್‌ಗೆ 40 ಮಿ.ಮೀ. ಜಲ್ಲಿ 5ಕ್ಕೆ, ಬೀಮ್‌ಗೆ 20 ಮಿ.ಮೀ. ಜಲ್ಲಿ 10ಕ್ಕೆ.

## ಹಂತ 5: ಜಗಳ ಬರುವ ಜಾಗಗಳನ್ನು ಮೊದಲೇ ಬರೆದುಬಿಡಿ

ರೇಟು: ಕಂಬಿಯ ರೇಟು ದಿನಕ್ಕೊಂದು ಇರುತ್ತದೆ. ಮುಂಗಡ ಕೊಟ್ಟ ದಿನದ ರೇಟೋ, ಮಾಲು ಇಳಿಸಿದ ದಿನದ ರೇಟೋ ಅನ್ನುವುದು ಪತ್ರದಲ್ಲಿ ಇರಲಿ. ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತಲೂ ಕೇಳಿ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು 18 ಆಗಿದೆ, ಬಿಲ್‌ನಲ್ಲಿ ಅದನ್ನು ನೋಡಿ.

ಇಳಿಸುವ ಕೂಲಿ: ಮೂಟೆ ಇಳಿಸಿ ಜೋಡಿಸುವುದು ಯಾರ ಖರ್ಚು? ಬರೆಯದಿದ್ದರೆ ಗಾಡಿ ಗೇಟಿನ ಮುಂದೆ ನಿಂತಾಗ ಚೌಕಾಸಿ ಶುರುವಾಗುತ್ತದೆ.

ಹಣ: 36 ಮೂಟೆಯ ದುಡ್ಡನ್ನು ಮೊದಲೇ ಪೂರ್ತಿ ಕೊಡಬೇಡಿ. ಆಯಾ ಕಂತಿನ ಮಾಲು ಇಳಿದು, ಎಣಿಸಿದ ಮೇಲೆ ಆ ಕಂತಿನ ಹಣ. ಮುಂಗಡವನ್ನು ಕಂಬಿಯ ಲೆಕ್ಕಕ್ಕೆ ಮುರಿದುಕೊಳ್ಳಲಿ.

ತಾರೀಕು ಬದಲಾವಣೆ: ಸೈಟಿನಲ್ಲಿ ಒಂದು ದಿನ ಹಿಂದುಮುಂದು ಆಗಿಯೇ ಆಗುತ್ತದೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿದರೆ ಮುಂದೂಡುವ ಅವಕಾಶ ಇಬ್ಬರಿಗೂ ಒಳ್ಳೆಯದು.

## ಹಂತ 6: ಪತ್ರ

ಒಂದು ಪುಟ ದಾಟಬಾರದು. ಅಂಗಡಿಯ ಹುಡುಗ ಗೋದಾಮಿನಲ್ಲಿ ನಿಂತು ಓದುವ ಕಾಗದ ಇದು, ಅವನಿಗೆ ತಾರೀಕು ಮೊದಲು ಕಾಣಬೇಕು. ಅದಕ್ಕೇ ವಸ್ತುವಿನ ಪ್ರಕಾರ ಬರೆಯದೆ ಕಂತಿನ ಪ್ರಕಾರ ಬರೆಯಿರಿ.

> ದಿನಾಂಕ: 23-01-2026, ಶುಕ್ರವಾರ
>
> ಇಂದ: (ನಿಮ್ಮ ಹೆಸರು, ವಿಳಾಸ, ಫೋನ್)
>
> ಗೆ: ಮಾಲೀಕರು, (ಅಂಗಡಿಯ ಹೆಸರು, ಊರು)
>
> ವಿಷಯ: ಪ್ಲಿಂತ್ ಬೀಮ್ ಕೆಲಸಕ್ಕೆ ಕಂಬಿ, ಮರಳು, ಸಿಮೆಂಟ್ ಮೂರು ಕಂತಿನಲ್ಲಿ ಕಳಿಸುವ ಬಗ್ಗೆ
>
> ಮಾನ್ಯರೇ,
>
> ನಮ್ಮ ಮನೆಯ ಪ್ಲಿಂತ್ ಬೀಮ್ ಕಾಂಕ್ರೀಟ್ 12-02-2026, ಗುರುವಾರ ಇದೆ. ಕೆಳಗಿನ ಮಾಲನ್ನು ಅದೇ ದಿನಾಂಕಗಳಲ್ಲಿ ಕಳಿಸಿಕೊಡಬೇಕಾಗಿ ಕೋರುತ್ತೇನೆ.
>
> ಕಂತು 1: 02-02-2026, ಸೋಮವಾರ, ಮಧ್ಯಾಹ್ನ 12ರೊಳಗೆ
> 12 ಮಿ.ಮೀ. ಕಂಬಿ, ಎಫ್‌ಇ 500ಡಿ, 12 ಮೀಟರ್ ಉದ್ದದ್ದು: 25 (ಸುಮಾರು 267 ಕೆ.ಜಿ.)
> 8 ಮಿ.ಮೀ. ಕಂಬಿ, ಎಫ್‌ಇ 500ಡಿ, 12 ಮೀಟರ್ ಉದ್ದದ್ದು: 36 (ಸುಮಾರು 171 ಕೆ.ಜಿ.)
> ಬೈಂಡಿಂಗ್ ವೈರ್: 5 ಕೆ.ಜಿ.
>
> ಕಂತು 2: 05-02-2026, ಗುರುವಾರ, ಸಂಜೆ 4ರೊಳಗೆ
> ಕಾಂಕ್ರೀಟ್ ಎಂ-ಸ್ಯಾಂಡ್: 100 ಘನ ಅಡಿ
> ಪಿಪಿಸಿ ಸಿಮೆಂಟ್, 50 ಕೆ.ಜಿ. ಚೀಲ: 6
>
> ಕಂತು 3: 11-02-2026, ಬುಧವಾರ, ಸಂಜೆ 4ರೊಳಗೆ
> ಪಿಪಿಸಿ ಸಿಮೆಂಟ್, ಕಂತು 2ರ ಬ್ರಾಂಡೇ, 50 ಕೆ.ಜಿ. ಚೀಲ: 36
>
> 1. ಸಿಮೆಂಟ್ ತಯಾರಾಗಿ ಆರು ವಾರ ದಾಟಿರಬಾರದು.
> 2. ಗ್ರೇಡ್, ಬ್ರಾಂಡ್ ಬದಲಿಸುವುದಾದರೆ ಕಳಿಸುವ ಮೊದಲು ತಿಳಿಸಿ. ತಿಳಿಸದೆ ಬಂದ ಮಾಲು ಇಳಿಸಿಕೊಳ್ಳುವುದಿಲ್ಲ.
> 3. ರೇಟು ಮುಂಗಡ ಕೊಟ್ಟ ದಿನದ್ದು, ಜಿಎಸ್‌ಟಿ, ಬಾಡಿಗೆ, ಇಳಿಸುವ ಕೂಲಿ ಸೇರಿ.
> 4. ಆಯಾ ಕಂತಿನ ಹಣ, ಮಾಲು ಎಣಿಸಿಕೊಂಡ ದಿನವೇ ಬಿಲ್ ಮೇಲೆ ಕೊಡಲಾಗುವುದು. ಮುಂಗಡವನ್ನು ಕಂತು 1ರಲ್ಲಿ ಮುರಿದುಕೊಳ್ಳಿ.
> 5. ದಿನಾಂಕ ಬದಲಾದರೆ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಪರಸ್ಪರ ತಿಳಿಸೋಣ.
> 6. ಒಡೆಯದ ಸಿಮೆಂಟ್ ಮೂಟೆ ಉಳಿದರೆ ಏಳು ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು.
>
> ಸೈಟಿನ ರಸ್ತೆ (ಅಡಿ) ಅಗಲ ಇದೆ. ಮಾಲು ಇಳಿಸುವ ಜಾಗವನ್ನು (ಹೆಸರು, ಫೋನ್) ತೋರಿಸುತ್ತಾರೆ.
>
> ದಯವಿಟ್ಟು ಪ್ರತಿ ವಸ್ತುವಿನ ರೇಟು ಬರೆದು, ಸಹಿ ಮಾಡಿ, 27-01-2026ರೊಳಗೆ ಒಂದು ಪ್ರತಿ ವಾಪಸ್ ಕೊಡಿ.
>
> ಇಂತಿ ನಿಮ್ಮ ವಿಶ್ವಾಸಿ,
> (ಸಹಿ)

ರಸ್ತೆಯ ಅಗಲ ಬರೆಯುವುದನ್ನು ಬಿಡಬೇಡಿ. ಟಿಪ್ಪರ್ ಒಳಗೆ ಬರದೆ ಮೂಲೆಯಲ್ಲೇ ಮರಳು ಸುರಿದು ಹೋದರೆ ಅದನ್ನು ಹೊತ್ತು ತರುವ ಕೂಲಿ ನಿಮ್ಮ ತಲೆಗೆ.

## ಹಂತ 7: ಕೊಟ್ಟ ಮೇಲೆ

ಎರಡು ಪ್ರತಿ ತೆಗೆದುಕೊಂಡು ಹೋಗಿ ಕೈಯಲ್ಲೇ ಕೊಡಿ, ಒಂದಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ. ಅದರ ಫೋಟೋವನ್ನು ಅಂಗಡಿಯವರಿಗೆ, ಮೇಸ್ತ್ರಿಗೆ, ಬಾರ್ ಬೆಂಡರ್‌ಗೆ ವಾಟ್ಸಾಪ್ ಮಾಡಿ. ಪ್ರತಿ ಕಂತಿನ ಹಿಂದಿನ ದಿನ ಬೆಳಿಗ್ಗೆ ಒಂದು ಫೋನ್. "ನಾಳೆ ಬರುತ್ತಾ?" ಅಂದರೆ "ಬರುತ್ತೆ" ಅಂತಲೇ ಉತ್ತರ ಬರುತ್ತದೆ. "36 ಮೂಟೆ ಗೋದಾಮಿನಲ್ಲಿ ಇದೆಯಾ, ಯಾವ ವಾರದ್ದು?" ಅಂತ ಕೇಳಿ. ಆಗ ಯಾರೋ ಒಬ್ಬರು ಎದ್ದು ಹೋಗಿ ನೋಡಲೇಬೇಕಾಗುತ್ತದೆ.

ಪತ್ರಕ್ಕೆ ಸಹಿ ಹಾಕಲು ಅಂಗಡಿಯವರು ಹಿಂದೆ ಮುಂದೆ ನೋಡಿದರೆ, ರೇಟಿನ ಜಾಗ ಖಾಲಿ ಬಿಟ್ಟರೆ, ಎಲ್ಲ ಹಣ ಮೊದಲೇ ಕೇಳಿದರೆ ಆ ವಾರವೇ ಇನ್ನೊಂದು ಅಂಗಡಿ ನೋಡಿ. ಪತ್ರವನ್ನು ಹತ್ತು ದಿನ ಮುಂಚೆ ಕೊಡುವುದು ಇದಕ್ಕೇ.

ಕಂಬಿ ಬಂದಾಗ ಎರಡು ದಪ್ಪವನ್ನೂ ಬೇರೆ ಬೇರೆ ಎಣಿಸಿ. ಗಾಡಿಯಲ್ಲಿ ಬಗ್ಗಿಸಿ ತರುವುದರಿಂದ ಒಂದು ಕಂಬಿಗೆ ಎರಡು ತುದಿ ಕಾಣುತ್ತದೆ, ತುದಿ ಎಣಿಸಿ ಮೋಸ ಹೋಗಬೇಡಿ. ಲಾರಿ ತೂಗುವ ವೇ-ಬ್ರಿಡ್ಜ್‌ನಲ್ಲಿ ಅರ್ಧ ಟನ್‌ನೊಳಗಿನ ಮಾಲಿನ ಹತ್ತಿಪ್ಪತ್ತು ಕೆ.ಜಿ. ವ್ಯತ್ಯಾಸ ನಂಬುವ ಹಾಗಿಲ್ಲ. ಅದರ ಬದಲು ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಡಿ. 12 ಮಿ.ಮೀ. 888 ಗ್ರಾಂ ಬರಬೇಕು, 8 ಮಿ.ಮೀ. 395 ಗ್ರಾಂ. ಸ್ವಲ್ಪ ಹೆಚ್ಚುಕಡಿಮೆಗೆ ಮಾನದಂಡದಲ್ಲೇ ಅವಕಾಶ ಇದೆ. 12 ಮಿ.ಮೀ. 840ಕ್ಕಿಂತ, 8 ಮಿ.ಮೀ. 365ಕ್ಕಿಂತ ಕೆಳಗೆ ಇಳಿದರೆ ಇನ್ನೆರಡು ಕಂಬಿ ನೋಡಿ, ಅದೂ ಹಾಗೇ ಇದ್ದರೆ ಕತ್ತರಿಸುವುದನ್ನು ನಿಲ್ಲಿಸಿ ಫೋನ್ ಮಾಡಿ. ಪೂರ್ತಿ ಕತ್ತರಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮರಳು ಬಂದಾಗ ಸುರಿಯುವ ಮೊದಲು ಗಾಡಿಯ ಒಳ ಉದ್ದ, ಅಗಲ, ಮರಳಿನ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಮೂರು ಜಾಗದಲ್ಲಿ ಎತ್ತರ ನೋಡಿ ಸರಾಸರಿ ತೆಗೆಯಿರಿ, ಮಧ್ಯದ ಗುಡ್ಡೆ ನೋಡಿ ಲೆಕ್ಕ ಹಾಕಬೇಡಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ. ಬಿಟ್ಟ ಮೇಲೂ ಬೂದಿ ಬಣ್ಣದ ಪುಡಿ ಕೈಗೆ ದಪ್ಪಗೆ ಅಂಟಿದ್ದರೆ ಅದರಲ್ಲಿ ಡಸ್ಟ್ ಜಾಸ್ತಿ ಇದೆ. ಕಾಂಕ್ರೀಟ್ ಎಂ-ಸ್ಯಾಂಡ್‌ನಲ್ಲಿ ಒರಟು ಕಾಳು ಬೆರಳಿಗೆ ಚುಚ್ಚಬೇಕು.

ಸಿಮೆಂಟ್ ಬಂದಾಗ ಮೇಲಿನ ಮೂಟೆ ಮಾತ್ರವಲ್ಲ, ನಡುವಿನ ಮೂಟೆಗಳ ವಾರವನ್ನೂ ಓದಿ. ಮೂಲೆ ಒತ್ತಿದಾಗ ಕಲ್ಲಿನ ಹಾಗೆ ಇದ್ದು, ಉರುಳಿಸಿದರೂ ಸಡಿಲ ಆಗದಿದ್ದರೆ ಆ ಮೂಟೆ ಬೇರೆ ಇಡಿ. ಒಂದು ರಾತ್ರಿ ಇಡುವುದಾದರೂ ಹಲಗೆಯ ಮೇಲೆ ಇಡಿ, ಹತ್ತು ಮೂಟೆಗಿಂತ ಎತ್ತರ ಬೇಡ, ಟಾರ್ಪಾಲ್ ಕೆಳಗಿನವರೆಗೆ ಇಳಿಬಿಡಿ. ಫೆಬ್ರವರಿಯಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ ಇರುತ್ತದೆ.

ಕಂಬಿ ಕಟ್ಟುವುದು ಒಂದು ದಿನ ತಡವಾಯಿತು ಅಂದುಕೊಳ್ಳಿ. ಆಗ ಬದಲಾಗಬೇಕಾದ್ದು ಕಂತು 3 ಒಂದೇ. 10ಕ್ಕೆ ಬೆಳಿಗ್ಗೆ ಫೋನ್ ಮಾಡಿ 12ಕ್ಕೆ ಕಳಿಸಲು ಹೇಳಿ, ಅದೇ ಮಾತನ್ನು ಸಹಿ ಹಾಕಿದ ಪತ್ರದ ಫೋಟೋ ಕೆಳಗೆ ವಾಟ್ಸಾಪ್‌ನಲ್ಲಿ ಬರೆದು, ಅವರಿಂದ "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಕಾಂಕ್ರೀಟ್ 13ಕ್ಕೆ ಹೋಗುತ್ತದೆ. ಎರಡು ದಿನ ತಡವಾದರೆ 14ಕ್ಕೆ, ಹಬ್ಬದ ಹಿಂದಿನ ದಿನಕ್ಕೆ ಬರುತ್ತದೆ. ಆಳುಗಳು ಖಂಡಿತ ಇರುತ್ತಾರೆ ಅಂತ ಮೇಸ್ತ್ರಿ ಹೇಳದಿದ್ದರೆ ಕಾಂಕ್ರೀಟನ್ನು ಹಬ್ಬದ ನಂತರಕ್ಕೆ ಹಾಕಿ, ಕಂತು 3ನ್ನೂ ಅದರ ಜೊತೆಗೇ ಮುಂದೂಡಿ. ಮೂಟೆಗಳು ನಿಮ್ಮ ಟಾರ್ಪಾಲಿನ ಕೆಳಗೆ ಇರುವುದಕ್ಕಿಂತ ಅಂಗಡಿಯ ಗೋದಾಮಿನಲ್ಲಿ ಇರಲಿ.